ದಸರಾ ಹೊತ್ತಿಗೆ ಏರಿದ ಸಿಟಿಆರ್: ಒಂದು ಟೈಟಲ್ ಪರೀಕ್ಷೆಯ ಪೂರ್ತಿ ಲೆಕ್ಕ

ಮೈಸೂರಿನ ಯಾದವಗಿರಿ ಕಡೆಯ ಒಂದು ಟ್ರಾವೆಲ್ಸ್ 2025ರ ಸೆಪ್ಟೆಂಬರ್ 8ರಂದು ತನ್ನ ವೆಬ್‌ಸೈಟಿನ 12 ಪುಟಗಳ ಟೈಟಲ್, ಅಂದರೆ ಗೂಗಲ್ ಫಲಿತಾಂಶದಲ್ಲಿ ಕಾಣುವ ತಲೆಬರಹ, ಬದಲಾಯಿಸಿತು. ಅಕ್ಟೋಬರ್ ಮಧ್ಯದ ಹೊತ್ತಿಗೆ ಆ ಪುಟಗಳ ಸಿಟಿಆರ್, ಅಂದರೆ ಫಲಿತಾಂಶದಲ್ಲಿ ಕಂಡಷ್ಟು ಸಲದಲ್ಲಿ ಜನ ಒತ್ತಿದ ಪಾಲು, ಶೇ 2ರಿಂದ ಶೇ 3.5ಕ್ಕೆ ಏರಿತ್ತು. ಸೈಟಿನವರಿಗೆ ಗೂಗಲ್ ಈ ಅಂಕಿಗಳನ್ನು ತೋರಿಸುವ ಸರ್ಚ್ ಕನ್ಸೋಲ್‌ನ ಆ ಚಿತ್ರ ಹಿಡಿದುಕೊಂಡೇ ಯಜಮಾನರು ನನ್ನ ಹತ್ತಿರ ಬಂದರು. ಅವರಿಗೆ ಬೇಕಿದ್ದದ್ದು ಪರಿಶೀಲನೆಯಲ್ಲ, ಮಿಕ್ಕ ಪುಟಗಳಿಗೂ ಅದೇ ಥರದ ಟೈಟಲ್ ಬರೆದುಕೊಡುವ ಕೆಲಸ. "ಎರಡಿದ್ದಿದ್ದು ಮೂರೂವರೆ ಆಗದೆ ಸಾರ್. ಇನ್ನೇನ್ ನೋಡೋದಿದೆ? ಎಲ್ಲದಕ್ಕೂ ಹಿಂಗೇ ಮಾಡ್ಬುಡಾಣ."

ನೋಡುವುದು ಬಹಳ ಇತ್ತು. ಆ ಏರಿಕೆಯಲ್ಲಿ ಟೈಟಲ್‌ನ ಪಾಲು ಎಷ್ಟು ಎಂದು ಹುಡುಕುತ್ತ ಹೋದರೆ ಕೊನೆಗೆ ಕೈಗೆ ಏನೂ ಸಿಗಲಿಲ್ಲ. ಆದರೆ ಅದೇ ಸೈಟಿನಲ್ಲಿ, ಮುಂದಿನ ವರ್ಷದ ಆರಂಭದಲ್ಲಿ, ಬೇರೆ ಥರದ ಟೈಟಲ್ ಇಟ್ಟು ಬೇರೆ ಕ್ರಮದಲ್ಲಿ ಪರೀಕ್ಷಿಸಿದಾಗ ಸಣ್ಣದಾದರೂ ನಿಜವಾದ ಲಾಭವೊಂದು ಕಂಡಿತು. ಎರಡೂ ಲೆಕ್ಕಗಳನ್ನು ಇಲ್ಲಿ ಬಿಡಿಸಿಡುತ್ತೇನೆ. ಟ್ರಾವೆಲ್ಸ್‌ನ ಹೆಸರು ಬೇಡ ಎಂದಿದ್ದಾರೆ. ಓದಲು ಸಲೀಸಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಬದಲಾಯಿಸಿದ್ದು ಏನು

ಸೈಟಿನಲ್ಲಿ ಕ್ಯಾಬ್ ಬುಕಿಂಗ್ ಪುಟಗಳ ಜೊತೆಗೆ ಸುತ್ತಮುತ್ತಲ ಜಾಗಗಳ ಬಗ್ಗೆ 32 ಮಾಹಿತಿ ಪುಟಗಳಿವೆ. ಶ್ರೀರಂಗಪಟ್ಟಣ, ರಂಗನತಿಟ್ಟು, ಕೆಆರ್‌ಎಸ್, ಸೋಮನಾಥಪುರ, ತಲಕಾಡು, ಮೇಲುಕೋಟೆ ಇತ್ಯಾದಿ. ಹುಡುಕಿಕೊಂಡು ಬರುವವರಲ್ಲಿ ಹೊರರಾಜ್ಯದವರೇ ಹೆಚ್ಚಾದ್ದರಿಂದ ಪುಟಗಳು ಇಂಗ್ಲಿಷಿನಲ್ಲಿವೆ. ಯಜಮಾನರ ಮಗಳೇ ಇವನ್ನು ನೋಡಿಕೊಳ್ಳುವುದು. ಸಿಟಿಆರ್ ತೀರಾ ಕಡಿಮೆಯಿದ್ದ ಹತ್ತು ಪುಟಗಳನ್ನು ಅವರು ಆರಿಸಿದರು. ದಸರಾ ಬರುತ್ತಿದೆಯೆಂದು ಅರಮನೆಯ ದೀಪಾಲಂಕಾರ ಮತ್ತು ಚಾಮುಂಡಿ ಬೆಟ್ಟದ ಪುಟಗಳನ್ನೂ ಸೇರಿಸಿ ಒಟ್ಟು 12 ಮಾಡಿದರು. ಬದಲಾವಣೆ ಹೀಗಿತ್ತು:

```
ಹಿಂದೆ: Somanathapura Temple | Places Near Mysore
ಹೊಸದು: Somanathapura Temple: Must-Visit Hidden Gem (2025 Guide)
```

ಈ ಆಯ್ಕೆಯಲ್ಲೇ ಮೊದಲ ತೊಡಕು ಇದೆ. ಒಂದು ತಿಂಗಳಲ್ಲಿ ಅತಿ ಕಡಿಮೆ ಸಿಟಿಆರ್ ತೋರಿಸಿದ ಪುಟಗಳಲ್ಲಿ ಕೆಲವು ನಿಜವಾಗಿಯೂ ಕಳಪೆ, ಕೆಲವಕ್ಕೆ ಆ ತಿಂಗಳು ಮಾತ್ರ ಅದೃಷ್ಟ ಕೆಟ್ಟಿತ್ತು. ಎರಡನೆಯ ಬಗೆಯವು ಯಾರೂ ಮುಟ್ಟದಿದ್ದರೂ ಮುಂದಿನ ತಿಂಗಳು ತಮ್ಮ ಮಾಮೂಲಿ ಮಟ್ಟಕ್ಕೆ ಹಿಂತಿರುಗುತ್ತವೆ. ಕೆಳಗಿರುವುದನ್ನೇ ಆರಿಸಿಕೊಂಡು ಏನು ಮಾಡಿದರೂ ಸ್ವಲ್ಪ ಏರಿಕೆ ಕಂಡೇ ಕಾಣುತ್ತದೆ. ಟೈಟಲ್ ಬರೆಯುವವರಿಗೆ ಸಿಗುವ ಹೊಗಳಿಕೆಯಲ್ಲಿ ಒಂದು ಪಾಲು ಹೀಗೆ ಪುಕ್ಕಟೆ ಬಂದದ್ದು ಎಂಬುದು ನನ್ನ ಅನುಮಾನ.

ಹೋಲಿಸಲು ಅವರು ತೆಗೆದುಕೊಂಡ ಅವಧಿಗಳಲ್ಲಿ ತಪ್ಪಿರಲಿಲ್ಲ. ಆಗಸ್ಟ್ 11ರಿಂದ ಸೆಪ್ಟೆಂಬರ್ 7ರವರೆಗೆ 28 ದಿನ ಹಿಂದಿನದು, ಸೆಪ್ಟೆಂಬರ್ 15ರಿಂದ ಅಕ್ಟೋಬರ್ 12ರವರೆಗೆ 28 ದಿನ ಮುಂದಿನದು. ಎರಡೂ ಸೋಮವಾರ ಶುರುವಾಗಿ ಭಾನುವಾರ ಮುಗಿಯುತ್ತವೆ, ಹಾಗಾಗಿ ಎರಡರಲ್ಲೂ ನಾಲ್ಕು ನಾಲ್ಕು ವಾರಾಂತ್ಯ. ಪ್ರವಾಸದ ಸೈಟಿಗೆ ಇದು ಮುಖ್ಯ. ನಡುವಿನ ಒಂದು ವಾರ ಬಿಟ್ಟದ್ದೂ ಒಳ್ಳೆಯದೇ, ಏಕೆಂದರೆ ನಾವು ಟೈಟಲ್ ಬದಲಿಸಿದ ದಿನವೇ ಗೂಗಲ್ ಅದನ್ನು ತೋರಿಸುವುದಿಲ್ಲ. ಅದರ ಯಂತ್ರ ಪುಟವನ್ನು ಮತ್ತೆ ಬಂದು ಓದಿದ, ಅಂದರೆ ಕ್ರಾಲ್ ಮಾಡಿದ ಮೇಲಷ್ಟೇ ಹೊಸದು ಕಾಣಿಸಿಕೊಳ್ಳಲು ಸಾಧ್ಯ. ಕೊನೆಯ ಕ್ರಾಲ್ ಯಾವಾಗ ಆಯಿತೆಂದು ಸರ್ಚ್ ಕನ್ಸೋಲ್‌ನ `URL Inspection`ನಲ್ಲಿ ನೋಡಬಹುದು.

ಮುಟ್ಟದ ಪುಟಗಳು ಏನು ಹೇಳಿದವು

ನಾನು ಮೊದಲು ತೆರೆದದ್ದು ಬದಲಾಯಿಸದ 20 ಪುಟಗಳ ಲೆಕ್ಕ. ಅಲ್ಲೂ ಸಿಟಿಆರ್ ಶೇ 2.4ರಿಂದ ಶೇ 3.7ಕ್ಕೆ ಏರಿತ್ತು. ಯಾರೂ ಕೈ ಹಚ್ಚದ ಪುಟಗಳು!

ಯಜಮಾನರು ಸುಮ್ಮನಾದರು. ಮಗಳು, "ಅಪ್ಪಾಜಿ, ದಸರಾ ಇತ್ತಲ್ವಾ, ಅದಕ್ಕೇ ಇರ್ಬೇಕು" ಅಂದರು. ಅರ್ಧ ಸರಿ. ಆದರೆ ಆ 20 ಪುಟಗಳ ಕ್ಲಿಕ್‌ಗಳು 1,800ರಿಂದ 1,850ಕ್ಕೆ ಏರಿದ್ದವು, ಅಷ್ಟೇ. ದಸರಾ ಜನ ನುಗ್ಗಿದ್ದರೆ ಕ್ಲಿಕ್ ಹೆಚ್ಚಬೇಕಿತ್ತು. ಇಲ್ಲಿ ಆಗಿದ್ದು ಬೇರೆ: ಇಂಪ್ರೆಶನ್‌ಗಳು, ಅಂದರೆ ಪುಟ ಫಲಿತಾಂಶದಲ್ಲಿ ಕಂಡ ಸಲಗಳು, 75,000ದಿಂದ 50,000ಕ್ಕೆ ಕುಸಿದಿದ್ದವು. ಸಿಟಿಆರ್ ಎಂದರೆ ಕ್ಲಿಕ್ ಭಾಗಿಸು ಇಂಪ್ರೆಶನ್. ಕೆಳಗಿನ ಅಂಕಿ ಕುಗ್ಗಿದರೆ ಮೇಲಿನದು ಅಲ್ಲಾಡದಿದ್ದರೂ ಶೇಕಡಾ ಏರುತ್ತದೆ. ಬರೀ ನೋಡಿಕೊಂಡು ಹೋಗುವವರು ಮಾರ್ಕೆಟ್ಟಿಗೆ ಬರುವುದನ್ನು ಬಿಟ್ಟರೆ, ಬಂದವರಲ್ಲಿ ಕೊಳ್ಳುವವರ ಪಾಲು ಹೆಚ್ಚುತ್ತದೆ, ಗಲ್ಲಾಪೆಟ್ಟಿಗೆ ಮಾತ್ರ ಇದ್ದ ಹಾಗೇ ಇರುತ್ತದೆ.

ಹಾಗಾದರೆ ಇಂಪ್ರೆಶನ್ ಎಲ್ಲಿ ಹೋದವು? ಬದಲಾಯಿಸಿದ 12 ಪುಟಗಳನ್ನು ಡಿವೈಸ್ ಪ್ರಕಾರ ಒಡೆದಾಗ ಗೊತ್ತಾಯಿತು.

| | ಇಂಪ್ರೆಶನ್, ಹಿಂದೆ | ಕ್ಲಿಕ್, ಹಿಂದೆ | ಇಂಪ್ರೆಶನ್, ಆಮೇಲೆ | ಕ್ಲಿಕ್, ಆಮೇಲೆ |
|---|---|---|---|---|
| ಡೆಸ್ಕ್‌ಟಾಪ್ | 30,000 | 270 | 7,500 | 262 |
| ಮೊಬೈಲ್ | 30,000 | 930 | 34,500 | 1,208 |

ಡೆಸ್ಕ್‌ಟಾಪ್ ಸಾಲನ್ನು ನೋಡಿ. ಇಂಪ್ರೆಶನ್ ಮುಕ್ಕಾಲು ಪಾಲು ಮಾಯ, ಕ್ಲಿಕ್ ಎಂಟು ಕಡಿಮೆ. ಸಿಟಿಆರ್ ಶೇ 0.9ರಿಂದ ಶೇ 3.5ಕ್ಕೆ ಜಿಗಿದಿದೆ, ಅಂದರೆ ಸುಮಾರು ನಾಲ್ಕು ಪಟ್ಟು. ಆದರೆ ಸೈಟಿಗೆ ಒಬ್ಬರೂ ಹೆಚ್ಚಿಗೆ ಬಂದಿಲ್ಲ. ಯಾವ ಟೈಟಲ್ಲೂ ಈ ಕೆಲಸ ಮಾಡಲಾರದು.

ಕಾರಣ ಊರಾಚೆಯದು. ಗೂಗಲ್ ಹುಡುಕಾಟದ ವಿಳಾಸದ ಕೊನೆಗೆ `&num=100` ಎಂದು ಸೇರಿಸಿದರೆ ಮೊದಲೆಲ್ಲ ಒಂದೇ ಪುಟದಲ್ಲಿ ನೂರು ಫಲಿತಾಂಶ ಬರುತ್ತಿತ್ತು. ರ‍್ಯಾಂಕ್ ಅಳೆಯುವ ಸಾಫ್ಟ್‌ವೇರ್‌ಗಳು ಇದನ್ನೇ ಬಳಸುತ್ತಿದ್ದವು. ಫಲಿತಾಂಶದ ಪುಟ ತೆರೆದುಕೊಂಡರೆ ಸಾಕು, ಕೆಳಗಿನವರೆಗೆ ಯಾರೂ ಸ್ಕ್ರೋಲ್ ಮಾಡದಿದ್ದರೂ ಅದರಲ್ಲಿರುವ ಕೊಂಡಿಗಳಿಗೆ ಇಂಪ್ರೆಶನ್ ಬೀಳುತ್ತದೆ. ಹೀಗೆ 60ನೇ, 80ನೇ ಸ್ಥಾನದಲ್ಲಿದ್ದ ಪುಟಕ್ಕೂ ಯಂತ್ರಗಳ ಲೆಕ್ಕದಲ್ಲಿ ಇಂಪ್ರೆಶನ್ ಸೇರುತ್ತಿತ್ತು. 2025ರ ಸೆಪ್ಟೆಂಬರ್ ಎರಡನೇ ವಾರದ ಸುಮಾರಿಗೆ ಆ `num=100` ಕೆಲಸ ಮಾಡುವುದು ನಿಂತಿತು. ಆಗಲೇ ಅಸಂಖ್ಯ ಸೈಟುಗಳ ಡೆಸ್ಕ್‌ಟಾಪ್ ಇಂಪ್ರೆಶನ್ ಬಿದ್ದವು. ಎರಡಕ್ಕೂ ನಂಟಿದೆ ಎಂಬುದೇ ಈ ಕಸುಬಿನವರೆಲ್ಲ ಒಪ್ಪುವ ವಿವರಣೆ. ನಮ್ಮವರು ಟೈಟಲ್ ಬದಲಿಸಿದ್ದು ಸರಿಯಾಗಿ ಅದೇ ಹೊತ್ತಿಗೆ.

ಫಲಿತಾಂಶಗಳ ಸಾಲಿನಲ್ಲಿ ಸಿಗುವ ಸ್ಥಾನ, ಅಂದರೆ ಸರಾಸರಿ ಪೊಸಿಷನ್, 18ರಿಂದ 9ಕ್ಕೆ ಬಂದದ್ದಕ್ಕೂ ಇದೇ ಕಾರಣ. ಆ ಸರಾಸರಿಯನ್ನು ಇಂಪ್ರೆಶನ್‌ಗಳ ಮೇಲೆ ತೆಗೆಯುತ್ತಾರೆ. ಕೆಳಗಿನ ಸ್ಥಾನದ ಇಂಪ್ರೆಶನ್‌ಗಳು ಲೆಕ್ಕದಿಂದ ಉದುರಿಹೋದರೆ, ಒಂದು ಪುಟವೂ ಮೇಲೇರದೆ ಸರಾಸರಿ ಸುಧಾರಿಸುತ್ತದೆ. ಟೈಟಲ್ ಚೆನ್ನಾಗಿದ್ದುದರಿಂದ ರ‍್ಯಾಂಕೂ ಏರಿತು ಎಂದು ಯಜಮಾನರು ನಂಬಿದ್ದರು. ನಾನು ಆ ನಂಬಿಕೆಯನ್ನು ಕದಡಿದ್ದು ಅವರಿಗೆ ಸಿಟಿಆರ್ ವಿಷಯಕ್ಕಿಂತ ಹೆಚ್ಚು ಬೇಸರ ತಂದಿತು.

ಮೊಬೈಲ್‌ನ ಏರಿಕೆ

ಡೆಸ್ಕ್‌ಟಾಪ್ ಬದಿಗಿಟ್ಟರೂ ಮೊಬೈಲ್ ಉಳಿಯುತ್ತದೆ: ಶೇ 3.1ರಿಂದ ಶೇ 3.5. ಇಲ್ಲಿ ಇಂಪ್ರೆಶನ್ನೂ ಹೆಚ್ಚಿವೆ, ಕ್ಲಿಕ್ಕೂ ಹೆಚ್ಚಿವೆ. "ಇದಾದ್ರೂ ಟೈಟಲ್ಲಿಂದ ತಾನೇ?" ಎಂದರು ಯಜಮಾನರು.

2025ರ ದಸರಾ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ ನಡೆಯಿತು. ಪೂರ್ತಿ ಹಬ್ಬ 'ಆಮೇಲಿನ' ಅವಧಿಯೊಳಗೇ ಬಂತು. ಹಾಗಾಗಿ ದೀಪಾಲಂಕಾರ ಮತ್ತು ಚಾಮುಂಡಿ ಬೆಟ್ಟದ ಎರಡು ಪುಟಗಳನ್ನು ಬೇರೆ ಮಾಡಿ, ಮಿಕ್ಕ ಹತ್ತನ್ನು ಬೇರೆ ಇಟ್ಟು ನೋಡಿದೆ.

ಹಬ್ಬದ ಎರಡು ಪುಟಗಳ ಮೊಬೈಲ್ ಇಂಪ್ರೆಶನ್ 2,000ದಿಂದ 9,500ಕ್ಕೆ ಏರಿದ್ದವು. ಸಿಟಿಆರ್ ಶೇ 6ರಿಂದ ಶೇ 5.5ಕ್ಕೆ ಇಳಿದಿತ್ತು. ಮಿಕ್ಕ ಹತ್ತು ಪುಟಗಳ ಇಂಪ್ರೆಶನ್ 28,000ದಿಂದ 25,000ಕ್ಕೆ, ಸಿಟಿಆರ್ ಶೇ 2.9ರಿಂದ ಶೇ 2.7ಕ್ಕೆ ಇಳಿದಿದ್ದವು.

ಎರಡು ಗುಂಪುಗಳಲ್ಲೂ ಸಿಟಿಆರ್ ಇಳಿದಿದೆ, ಆದರೆ ಎರಡನ್ನೂ ಕೂಡಿಸಿದರೆ ಏರಿದೆ. ಲೆಕ್ಕ ತಪ್ಪಿಲ್ಲ. ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಿ ನೋಡಬಹುದು. ಹಬ್ಬದ ಪುಟಗಳ ಸಿಟಿಆರ್ ಮೊದಲಿನಿಂದಲೂ ಜಾಸ್ತಿ. ದೀಪಾಲಂಕಾರ ಎಷ್ಟು ಗಂಟೆಗೆ ಎಂದು ಹುಡುಕುವವರು ಒತ್ತಿಯೇ ಒತ್ತುತ್ತಾರೆ. ಹಿಂದೆ ಒಟ್ಟು ಇಂಪ್ರೆಶನ್‌ಗಳಲ್ಲಿ ಅವುಗಳ ಪಾಲು ಹದಿನೈದರಲ್ಲಿ ಒಂದು. ದಸರಾದಲ್ಲಿ ಅದು ಕಾಲು ಭಾಗ ದಾಟಿತು. ಹೆಚ್ಚು ಸಿಟಿಆರ್ ಇರುವ ಗುಂಪಿನ ತೂಕ ಹೆಚ್ಚಿದ್ದರಿಂದ ಸರಾಸರಿ ಮೇಲೆದ್ದಿದೆ. ಹುಡುಕುವವರು ಬೇರೆಯಾದರೇ ಹೊರತು ಟೈಟಲ್‌ಗೆ ಅವರು ಸ್ಪಂದಿಸುವ ರೀತಿ ಬದಲಾಗಲಿಲ್ಲ.

ಇಲ್ಲಿ ನಾನು ಪುಟಗಳ ಪ್ರಕಾರ ಒಡೆದದ್ದಕ್ಕೆ ಕಾರಣವಿದೆ. ದಸರಾ ಎಂಬ ಪದವಿರುವ ಹುಡುಕಾಟಗಳನ್ನು ಫಿಲ್ಟರ್ ಮಾಡುವುದು ಇನ್ನೂ ನೇರವಾಗಿ ಕಾಣುತ್ತದೆ. ಆದರೆ ತೀರಾ ಕಡಿಮೆ ಜನ ಹುಡುಕುವ ಪದಗಳನ್ನು ಸರ್ಚ್ ಕನ್ಸೋಲ್ ಖಾಸಗಿತನದ ಕಾರಣಕ್ಕೆ ಮರೆಮಾಡುತ್ತದೆ. ಅವು ಒಟ್ಟು ಮೊತ್ತದಲ್ಲಿ ಸೇರಿರುತ್ತವೆ, ಹುಡುಕಾಟ ಪದದ ಫಿಲ್ಟರ್ ಹಾಕಿದ ಕೂಡಲೇ ಲೆಕ್ಕದಿಂದ ಬಿಟ್ಟುಹೋಗುತ್ತವೆ. 'ದಸರಾ ಇರುವ' ಮತ್ತು 'ದಸರಾ ಇಲ್ಲದ' ಎರಡು ಮೊತ್ತ ಕೂಡಿಸಿದರೆ ಒಟ್ಟು ಬರುವುದಿಲ್ಲ, ಮತ್ತು ಎಷ್ಟು ಬಿಟ್ಟುಹೋಗುತ್ತದೆ ಎಂಬುದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಪುಟ ಮತ್ತು ಡಿವೈಸ್‌ನ ಫಿಲ್ಟರ್‌ಗಳಿಗೆ ಈ ಕಾಯಿಲೆಯಿಲ್ಲ.

ಹತ್ತು ಪುಟಗಳಲ್ಲಿ ಶೇ 2.9 ಇದ್ದದ್ದು ಶೇ 2.7 ಆಯಿತಲ್ಲ, ಹೊಸ ಟೈಟಲ್ ಕೆಟ್ಟದ್ದು ಎನ್ನಬಹುದೆ? ಅದನ್ನೂ ಹೇಳುವ ಹಾಗಿಲ್ಲ. ಮುಟ್ಟದ 20 ಪುಟಗಳ ಮೊಬೈಲ್ ಸಿಟಿಆರ್ ಕೂಡ ಶೇ 3.3ರಿಂದ ಶೇ 3.2ಕ್ಕೆ ಇಳಿದಿತ್ತು, ಮತ್ತು ಇಷ್ಟು ಕ್ಲಿಕ್‌ಗಳಲ್ಲಿ ಆ ಪ್ರಮಾಣದ ಓಲಾಟ ಸಹಜ. 'ಹಿಡನ್ ಜೆಮ್' ಟೈಟಲ್‌ಗಳಿಂದ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ. ನನಗಂತೂ ಆಶ್ಚರ್ಯವಾಗಲಿಲ್ಲ. ಸೋಮನಾಥಪುರಕ್ಕೆ ಹೊರಟವರಿಗೆ ಅದು ಅಡಗಿರುವ ರತ್ನವೋ ಅಲ್ಲವೋ ಬೇಕಿಲ್ಲ, ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದು ಬೇಕು.

ಎರಡನೆಯ ಪರೀಕ್ಷೆ

ಆ ಊಹೆಯನ್ನೇ ಪರೀಕ್ಷೆಗೆ ಇಟ್ಟೆವು. ಟೈಟಲ್‌ನಲ್ಲಿ ಸಮಯ, ಶುಲ್ಕ, ದೂರ ಇವುಗಳಲ್ಲಿ ಜನ ಹುಡುಕುವುದು ಯಾವುದೋ ಅದರ ಹೆಸರು ಬಂದರೆ ಸಿಟಿಆರ್ ಏರುತ್ತದೆಯೇ? ಒಂದೇ ಪ್ರಶ್ನೆ, ಒಂದೇ ಬಗೆಯ ಬದಲಾವಣೆ. ಪುಟದ ಒಳಗೆ ಒಂದಕ್ಷರವನ್ನೂ ಮುಟ್ಟಬಾರದು.

```
ಹಿಂದೆ: Ranganathittu Bird Sanctuary | Places Near Mysore
ಹೊಸದು: Ranganathittu Bird Sanctuary: Boating Timings, Entry Fee
```

ಮೊದಲ ಸುತ್ತಿನಲ್ಲಿ ಮುಟ್ಟದ 20 ಪುಟಗಳಲ್ಲಿ ಮೇಲುಕೋಟೆಯ ಪುಟವನ್ನು ಕೈಬಿಟ್ಟೆವು. ಮಾರ್ಚ್–ಏಪ್ರಿಲ್‌ನಲ್ಲಿ ವೈರಮುಡಿ ಬಂದರೆ ಆ ಒಂದು ಪುಟವೇ ಇಡೀ ಗುಂಪನ್ನು ಎಳೆದುಕೊಂಡು ಹೋಗುತ್ತದೆ. ಇಂಪ್ರೆಶನ್ ತೀರಾ ಕಡಿಮೆಯಿದ್ದ ಮೂರನ್ನೂ ಬಿಟ್ಟು 16 ಉಳಿಸಿಕೊಂಡೆವು. ಕ್ಲಿಕ್‌ಗಳಲ್ಲಿ ಹೆಚ್ಚುಕಡಿಮೆ ಸಮನಾಗಿರುವ ಪುಟಗಳನ್ನು ಎರಡೆರಡಾಗಿ ಜೋಡಿಸಿದೆವು. ಪ್ರತಿ ಜೋಡಿಯಲ್ಲಿ ಯಾವುದಕ್ಕೆ ಹೊಸ ಟೈಟಲ್ ಎಂದು ನಾಣ್ಯ ಚಿಮ್ಮಿ ತೀರ್ಮಾನಿಸಿದೆವು. ಯಜಮಾನರಿಗೆ ಇದು ಹುಡುಗಾಟದಂತೆ ಕಂಡಿತು. ಆದರೆ ಕೈಯಿಂದ ಆರಿಸಿದರೆ ಮತ್ತೆ ನಾವು 'ಇದಕ್ಕೆ ಬೇಕು' ಅನ್ನಿಸಿದ್ದನ್ನೇ ಆರಿಸುತ್ತೇವೆ, ಮೊದಲ ಸುತ್ತಿನ ತೊಡಕು ಮತ್ತೆ ಬರುತ್ತದೆ.

ನೋಡುವುದು ಮೊಬೈಲ್ ಮಾತ್ರ, ಭಾರತ ಮಾತ್ರ. ಹಿಂದಿನ ಅವಧಿ 2026ರ ಜನವರಿ 5ರಿಂದ ಫೆಬ್ರುವರಿ 1. ಫೆಬ್ರುವರಿ 2ರಂದು ಬದಲಾವಣೆ, ಒಂದು ವಾರ ಬಿಟ್ಟು ಫೆಬ್ರುವರಿ 9ರಿಂದ ಮಾರ್ಚ್ 8 ಮುಂದಿನ ಅವಧಿ. ಮಾರ್ಚ್ 9ಕ್ಕಿಂತ ಮೊದಲು ಯಾವ ತೀರ್ಮಾನವನ್ನೂ ಮಾಡಬಾರದೆಂದು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟೆವು. ಎರಡು ಗುಂಪುಗಳ ನಡುವಿನ ವ್ಯತ್ಯಾಸ ಸಹಜ ಓಲಾಟದ ಎರಡು ಪಟ್ಟು ದಾಟಬೇಕು, ದಾಟದಿದ್ದರೆ ಏನು ಮಾಡುತ್ತೇವೆ ಎಂಬುದೂ ಅದರಲ್ಲಿತ್ತು. ಈ ಹಾಳೆಯ ಉಪಯೋಗ ಮೊದಲ ವಾರವೇ ಗೊತ್ತಾಯಿತು. ಮಗಳು ದಿನಾ ಗ್ರಾಫ್ ತೆರೆಯುತ್ತಿದ್ದರು. ಒಂದು ದಿನ ಶೇ 4.6 ಕಂಡಿತೆಂದು ಫೋನ್ ಮಾಡಿದರು. ಎರಡು ದಿನ ಬಿಟ್ಟು ಅದು ಶೇ 2.8. ಯಾವಾಗ ಚೆನ್ನಾಗಿ ಕಾಣುತ್ತದೋ ಆಗ ನಿಲ್ಲಿಸುವುದಾದರೆ ಎಂಥ ಟೈಟಲ್ಲೂ ಒಂದು ದಿನ ಗೆದ್ದೇ ಗೆಲ್ಲುತ್ತದೆ. ಅದಲ್ಲದೆ ಕೊನೆಯ ಎರಡು ಮೂರು ದಿನಗಳ ಅಂಕಿಗಳು ಇನ್ನೂ ಅಂತಿಮವಾಗಿರುವುದಿಲ್ಲ.

ದಿನದ ಗ್ರಾಫ್ ಬಗ್ಗೆ ಇನ್ನೊಂದು ಮಾತು. ಸರ್ಚ್ ಕನ್ಸೋಲ್‌ನ ದಿನ ಅಮೆರಿಕದ ಪೆಸಿಫಿಕ್ ಸಮಯದ್ದು. ನಮ್ಮಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ 12.30ಕ್ಕೆ, ಚಳಿಗಾಲದಲ್ಲಿ 1.30ಕ್ಕೆ ಅದರ ದಿನ ಬದಲಾಗುತ್ತದೆ. ಭಾನುವಾರ ಬೆಳಗ್ಗೆ ಹುಡುಕಿದವರು ಅಲ್ಲಿ ಶನಿವಾರದ ಲೆಕ್ಕಕ್ಕೆ ಸೇರಿರುತ್ತಾರೆ. 28 ದಿನಗಳ ಮೊತ್ತಕ್ಕೆ ಇದರಿಂದ ತೊಂದರೆಯಿಲ್ಲ. ಒಂದೊಂದು ದಿನಕ್ಕೆ ಕಥೆ ಕಟ್ಟುವವರು ಮಾತ್ರ ಎಚ್ಚರವಾಗಿರಬೇಕು.

ಹೊಸ ಟೈಟಲನ್ನು ಗೂಗಲ್ ನಿಜವಾಗಿಯೂ ತೋರಿಸುತ್ತಿದೆಯೇ ಎಂದೂ ನೋಡಿದೆವು. ಪುಟದ `<title>` ಅನ್ನೇ ಗೂಗಲ್ ಯಾವಾಗಲೂ ತೋರಿಸಬೇಕೆಂದಿಲ್ಲ. ಪುಟದ ಮುಖ್ಯ ತಲೆಬರಹ ಮುಂತಾದ ಕಡೆಯಿಂದಲೂ ತೆಗೆದುಕೊಳ್ಳುತ್ತದೆ. ಯಾವುದನ್ನು ತೋರಿಸಿತು ಎಂದು ಸರ್ಚ್ ಕನ್ಸೋಲ್ ಹೇಳುವುದಿಲ್ಲ, ನಾವೇ ಫೋನಿನಲ್ಲಿ ಹುಡುಕಿ ನೋಡಬೇಕು. ಎಂಟರಲ್ಲಿ ಏಳು ಪುಟಗಳಿಗೆ ಹೊಸ ಟೈಟಲ್ ಬಂದಿತ್ತು. ಒಂದಕ್ಕೆ ಗೂಗಲ್ ಹಳೆಯ ತಲೆಬರಹವನ್ನೇ ಹಾಕುತ್ತಿತ್ತು. ಅದನ್ನು ತೆಗೆದುಹಾಕಲಿಲ್ಲ. ನಮಗೆ ಬೇಕಿದ್ದದ್ದು ಟೈಟಲ್ ಬದಲಿಸಿದರೆ ಒಟ್ಟಾರೆ ಏನು ಸಿಗುತ್ತದೆ ಎಂಬುದು, ಮತ್ತು ಗೂಗಲ್ ಒಪ್ಪದಿರುವುದೂ ಅದರ ಒಂದು ಭಾಗವೇ.

ಮಾರ್ಚ್ 9ಕ್ಕೆ ಲೆಕ್ಕ ತೆಗೆದಾಗ ಹೊಸ ಟೈಟಲ್‌ನ ಗುಂಪು ಶೇ 3.0ರಿಂದ ಶೇ 3.5ಕ್ಕೆ ಏರಿತ್ತು. ಹಳೆಯ ಟೈಟಲ್‌ನ ಗುಂಪು ಶೇ 3.1ರಿಂದ ಶೇ 3.2ಕ್ಕೆ ಬಂದಿತ್ತು. ಎರಡೂ ಗುಂಪುಗಳ ಪೊಸಿಷನ್ 6ರ ಆಸುಪಾಸಿನಲ್ಲೇ ಇತ್ತು. ಅಂದರೆ ಮುಟ್ಟದವೂ 0.1 ಏರಿದ್ದನ್ನು ಕಳೆದರೆ ಟೈಟಲ್‌ನ ಪಾಲು 0.4.

ಈಗ ಓಲಾಟದ ಲೆಕ್ಕ. ಒಂದು ಸಿಟಿಆರ್‌ನ ಸಹಜ ಓಲಾಟವನ್ನು ಹೀಗೆ ಅಂದಾಜು ಮಾಡಬಹುದು. p ಸಿಟಿಆರ್, n ಇಂಪ್ರೆಶನ್:

```
sqrt(p*(1-p)/n)
```

ಶೇ 3 ಸಿಟಿಆರ್, ಸುಮಾರು 20,000 ಇಂಪ್ರೆಶನ್ ಇದ್ದರೆ ಇದು 0.0012, ಅಂದರೆ ಶೇಕಡಾ ಲೆಕ್ಕದಲ್ಲಿ 0.12 ಬರುತ್ತದೆ. ನಮ್ಮ ಹತ್ತಿರ ಇಂಥ ನಾಲ್ಕು ಅಂಕಿಗಳಿವೆ: ಎರಡು ಗುಂಪು, ಎರಡು ಅವಧಿ. ನಾಲ್ಕರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಒಟ್ಟು ಓಲಾಟ ಸುಮಾರು 0.25. ಅದರ ಎರಡು ಪಟ್ಟು 0.5. ನಮಗೆ ಸಿಕ್ಕಿದ್ದು 0.4. ದಾಟಲಿಲ್ಲ. ಈ ಸೂತ್ರ ಪ್ರತಿ ಇಂಪ್ರೆಶನ್ನೂ ಸ್ವತಂತ್ರ ಎಂದುಕೊಳ್ಳುತ್ತದೆ. ನಿಜದ ಹುಡುಕಾಟಗಳು ಹಾಗಿರುವುದಿಲ್ಲವಾದ್ದರಿಂದ ನಿಜವಾದ ಓಲಾಟ ಇದಕ್ಕಿಂತ ಹೆಚ್ಚೇ ಇರುತ್ತದೆ, ಕಡಿಮೆಯಂತೂ ಅಲ್ಲ.

"ಮೂರಿದ್ದಿದ್ದು ಮೂರೂವರೆ ಆಗದಲ್ಲ ಸಾರ್, ಇನ್ನೂ ಸಾಕಾಗಲ್ವಾ?" ಎಂದರು ಯಜಮಾನರು. ಮಗಳು ಹಾಳೆ ತೋರಿಸಿದರು. ಅದರಲ್ಲಿ ಮುಂದಿನ ಹೆಜ್ಜೆ ಬರೆದಿತ್ತು: ಅದಲುಬದಲು.

ಅದಲುಬದಲು

ಮಾರ್ಚ್ 9ರಂದೇ ಮೊದಲ ಗುಂಪಿನ ಎಂಟು ಪುಟಗಳಿಗೆ ಹಳೆಯ ಟೈಟಲ್ ಮರಳಿಸಿದೆವು, ಎರಡನೆಯ ಗುಂಪಿಗೆ ಹೊಸ ಬಗೆಯ ಟೈಟಲ್ ಕೊಟ್ಟೆವು. ಮತ್ತೆ ಒಂದು ವಾರ ಬಿಟ್ಟು ಮಾರ್ಚ್ 16ರಿಂದ ಏಪ್ರಿಲ್ 12ರವರೆಗೆ ಕಾದೆವು. ಮೂರು ಅವಧಿಗಳ ಚಿತ್ರ ಹೀಗೆ ಬಂತು:

| | ಜನವರಿ | ಫೆಬ್ರುವರಿ | ಮಾರ್ಚ್–ಏಪ್ರಿಲ್ |
|---|---|---|---|
| ಮೊದಲ ಗುಂಪು | 3.0 (ಹಳೆಯದು) | 3.5 (ಹೊಸದು) | 3.1 (ಹಳೆಯದು) |
| ಎರಡನೆಯ ಗುಂಪು | 3.1 (ಹಳೆಯದು) | 3.2 (ಹಳೆಯದು) | 3.7 (ಹೊಸದು) |

ಬದಲಿಸಿದ್ದನ್ನು ಹಿಂತೆಗೆದುಕೊಂಡಾಗ ಅಂಕಿಯೂ ಹಿಂತಿರುಗಿದೆ, ಬೇರೆ ಕಡೆ ಹಾಕಿದಾಗ ಅಲ್ಲಿ ಏರಿದೆ. ಹಬ್ಬ, ರಜೆ, ಗೂಗಲ್‌ನ ಒಳಗಿನ ಯಾವುದೋ ಬದಲಾವಣೆ ಇದನ್ನು ಮಾಡಿತೆನ್ನಬೇಕಾದರೆ, ಅದು ಮಾರ್ಚ್ ಎರಡನೇ ವಾರದಲ್ಲಿ ನಾಣ್ಯ ಚಿಮ್ಮಿ ಆರಿಸಿದ ಎಂಟು ಪುಟಗಳನ್ನು ಇಳಿಸಿ ಇನ್ನೆಂಟನ್ನು ಏರಿಸಿರಬೇಕು.

ಅದಲುಬದಲಿನಿಂದ ಲೆಕ್ಕಕ್ಕೂ ಬಲ ಬರುತ್ತದೆ. ಮೊದಲ ಗುಂಪು 0.4 ಇಳಿದಿದೆ, ಎರಡನೆಯದು 0.5 ಏರಿದೆ, ನಡುವಿನ ಅಂತರ 0.9. ಇದರಲ್ಲಿ ಟೈಟಲ್‌ನ ಪರಿಣಾಮ ಎರಡು ಸಲ ಎಣಿಕೆಯಾಗಿದೆ, ಒಂದು ಕಡೆ ತೆಗೆದದ್ದು, ಇನ್ನೊಂದು ಕಡೆ ಹಾಕಿದ್ದು. ಹಾಗಾಗಿ ಪರಿಣಾಮ 0.45. ಓಲಾಟವನ್ನೂ ಎರಡರಿಂದ ಭಾಗಿಸಬೇಕು, 0.25 ಇದ್ದದ್ದು 0.125 ಆಗುತ್ತದೆ. ಈಗ ಪರಿಣಾಮ ಓಲಾಟದ ಮೂರೂವರೆ ಪಟ್ಟು. ಮೊದಲ ಹಂತದ 0.4ಕ್ಕೂ ಇದಕ್ಕೂ ಹೊಂದಾಣಿಕೆಯಿದೆ.

ಇಷ್ಟಾದ ಮೇಲೂ ಒಂದು ಅನುಮಾನ ಉಳಿದಿತ್ತು. ರಂಗನತಿಟ್ಟಿನ ಪುಟಕ್ಕೆ ಬರುವ ಇಂಪ್ರೆಶನ್ ಉಳಿದವುಗಳಿಗಿಂತ ಬಹಳ ಜಾಸ್ತಿ. ಇಡೀ ಪರಿಣಾಮ ಅದೊಂದರಿಂದಲೇ ಬಂದಿರಬಹುದಲ್ಲ? ಅದಕ್ಕೇ ಜೋಡಿಗಳನ್ನು ಒಂದೊಂದಾಗಿ ನೋಡಿದೆವು, ದೊಡ್ಡದು ಸಣ್ಣದು ಎನ್ನದೆ ಪ್ರತಿ ಜೋಡಿಗೂ ಒಂದೇ ಮತ. ಅದಲುಬದಲಿನಲ್ಲಿ ಎಂಟರಲ್ಲಿ ಏಳು ಜೋಡಿಗಳು ಒಂದೇ ದಿಕ್ಕಿಗೆ ಹೋಗಿದ್ದವು. ಟೈಟಲ್‌ಗೆ ಯಾವ ಪರಿಣಾಮವೂ ಇಲ್ಲದಿದ್ದರೆ ಏಳು ಅಥವಾ ಎಂಟು ಜೋಡಿ ಹೀಗೆ ಹೊಸ ಟೈಟಲ್‌ನ ಕಡೆಗೇ ವಾಲುವ ಸಾಧ್ಯತೆ 256ರಲ್ಲಿ 9, ಶೇ 4ಕ್ಕಿಂತ ಕಡಿಮೆ. ಕ್ಲಿಕ್‌ಗಳನ್ನೆಲ್ಲ ರಾಶಿ ಹಾಕಿ ಮಾಡುವ ಲೆಕ್ಕಕ್ಕಿಂತ ಈ ಒರಟು ಎಣಿಕೆಯನ್ನೇ ನಾನು ಹೆಚ್ಚು ನಂಬುತ್ತೇನೆ, ಒಂದು ದೊಡ್ಡ ಪುಟ ಇದನ್ನು ಮೋಸಗೊಳಿಸಲಾರದು.

ಹಿಂದುಳಿದ ಆ ಒಂದು ಜೋಡಿಯಲ್ಲಿ ಕಾರಣ ಹುಡುಕಲು ಮಗಳು ಉತ್ಸಾಹ ತೋರಿದರು. ಬೇಡ ಎಂದೆ. ಎಂಟರಲ್ಲಿ ಒಂದು ತಿರುಗಿ ಬೀಳುವುದು ಮಾಮೂಲು, ಅದಕ್ಕೆ ಕಾರಣ ಹುಡುಕಿದರೆ ಯಾವುದಾದರೂ ಒಂದು ಸಿಕ್ಕೇ ಸಿಗುತ್ತದೆ.

ಕೈಗೆ ಬಂದದ್ದು ಎಷ್ಟು

0.45 ಎಂದರೆ 20,000 ಇಂಪ್ರೆಶನ್‌ಗೆ 90 ಕ್ಲಿಕ್. ಶೇ 3.1ರ ಮೇಲೆ ಅದು ಸುಮಾರು ಏಳರಲ್ಲಿ ಒಂದು ಪಾಲು ಹೆಚ್ಚಳ. ಅಕ್ಟೋಬರ್‌ನಲ್ಲಿ ಯಜಮಾನರು ತಂದಿದ್ದ ಚಿತ್ರದಲ್ಲಿ ಹೆಚ್ಚಳ ಮುಕ್ಕಾಲು ಪಾಲು ಇತ್ತು. ಅವರು ಇದನ್ನು ಕೇಳಿ, "ಅಷ್ಟೇಯಾ?" ಎಂದರು. ಅಷ್ಟೇ. ಆದರೆ ಮೊದಲನೆಯದರಂತೆ ಇದು ಹಬ್ಬ ಮುಗಿದ ಮೇಲೆ ಕರಗುವುದಿಲ್ಲ. ಆ 90 ಜನರಲ್ಲಿ ಎಷ್ಟು ಮಂದಿ ಕ್ಯಾಬ್ ಹತ್ತಿದರು ಎಂಬುದು ಸರ್ಚ್ ಕನ್ಸೋಲ್‌ನ ವ್ಯಾಪ್ತಿಗೆ ಬರುವುದಿಲ್ಲ. ಬರೀ ಶುಲ್ಕ ನೋಡಿಕೊಂಡು ಹೋಗುವವರೂ ಅದರಲ್ಲಿ ಇದ್ದೇ ಇರುತ್ತಾರೆ.

ಹದಿನಾರು ಪುಟಗಳಿಗೂ ಹೊಸ ಬಗೆಯ ಟೈಟಲ್ ಉಳಿಸಿಕೊಂಡಿದ್ದಾರೆ. 'ಹಿಡನ್ ಜೆಮ್' ಪುಟಗಳಲ್ಲಿ ಸಮಯ, ಶುಲ್ಕ ಕೇಳುವ ಜನ ಬರುವಂಥವನ್ನೂ ಅದಕ್ಕೇ ಬದಲಾಯಿಸಿದ್ದಾರೆ. ಆದರೆ ಅವರಿಗೆ ನಿಜವಾಗಿ ಬೇಕಿದ್ದದ್ದು ಬುಕಿಂಗ್ ಪುಟದ ಟೈಟಲ್. ದುಡ್ಡು ಬರುವುದು ಅಲ್ಲಿಂದ. ದರ ಹಾಕಿದರೆ ಜನ ಒತ್ತುತ್ತಾರೋ, 24 ಗಂಟೆ ಸೇವೆ ಎಂದರೆ ಒತ್ತುತ್ತಾರೋ, ಪರೀಕ್ಷೆ ಮಾಡಿಕೊಡಿ ಎಂದರು.

ಆ ಪುಟಕ್ಕೆ ತಿಂಗಳಿಗೆ ಬರುವುದು ಸುಮಾರು 900 ಮೊಬೈಲ್ ಇಂಪ್ರೆಶನ್. ಶೇ 3ರ ಸಿಟಿಆರ್‌ನಲ್ಲಿ 0.45ರ ಏರಿಕೆಯನ್ನು ನೂರಕ್ಕೆ ಎಂಬತ್ತು ಸಲ ಹಿಡಿಯಬೇಕಾದರೆ ಪ್ರತಿ ಟೈಟಲ್‌ಗೆ ಎಷ್ಟು ಇಂಪ್ರೆಶನ್ ಬೇಕೆಂಬುದಕ್ಕೆ ಒಂದು ಒರಟು ಲೆಕ್ಕವಿದೆ:

```
16*p*(1-p)/d^2 = 16*0.03*0.97/0.0045^2 ≈ 23,000
```

ಒಂದು ಟೈಟಲ್‌ಗೇ ಸುಮಾರು 26 ತಿಂಗಳು, ಎರಡಕ್ಕೆ ನಾಲ್ಕು ವರ್ಷ ದಾಟುತ್ತದೆ. ಸರ್ಚ್ ಕನ್ಸೋಲ್ ಇಟ್ಟುಕೊಳ್ಳುವುದು 16 ತಿಂಗಳ ಅಂಕಿಗಳನ್ನು ಮಾತ್ರ. ಉತ್ತರ ಬರುವಷ್ಟರಲ್ಲಿ ಪ್ರಶ್ನೆಯ ಮೊದಲರ್ಧ ಅಳಿಸಿಹೋಗಿರುತ್ತದೆ. ಆ ಪುಟದ ಟೈಟಲನ್ನು ಫೋನ್ ಎತ್ತುವ ಹುಡುಗನನ್ನು ಕೇಳಿ ಬರೆಯಿರಿ, ಗಿರಾಕಿಗಳು ಮೊದಲು ಕೇಳುವುದೇನು ಎಂದು ಅವನಿಗೆ ಗೊತ್ತಿರುತ್ತದೆ ಎಂದು ಹೇಳಿದೆ. ಕಿಲೋಮೀಟರಿಗೆ ಎಷ್ಟು ಎಂದು ಕೇಳುತ್ತಾರಂತೆ. ಹಾಗೇ ಹಾಕಿದ್ದಾರೆ.